ಅಡ್ಡ ತೋಳು, ಉದ್ದ ಕಾಲು

ಬಟ್ಟೆಯ ಉದ್ದವನ್ನು ಊರಿಗೆಲ್ಲ ಕೇಳುವಂತೆ ಅಳೆದುಕೊಟ್ಟು, ಅಗಲವನ್ನು ಸದ್ದಿಲ್ಲದೆ ಕಡಿಮೆ ಮಾಡುವವನನ್ನು ಕಳ್ಳನೆಂದು ಕರೆಯುವ ಧೈರ್ಯ ನಮಗಿಲ್ಲ. ಅವನನ್ನು ಗುತ್ತಿಗೆದಾರನೆಂದು ಕರೆಯುತ್ತೇವೆ. ಕುರ್ಚಿ ಎಳೆದು ಕೂರಿಸುತ್ತೇವೆ, ಫ್ಯಾನನ್ನು ಅವನ ಕಡೆಗೆ ತಿರುಗಿಸುತ್ತೇವೆ, ಸಕ್ಕರೆ ಸಾಕೇ ಎಂದು ವಿಚಾರಿಸುತ್ತೇವೆ. ಆಸ್ಪತ್ರೆಗಳಿಗೆ ರೋಗಿಗಳ ಉಡುಪು ಒದಗಿಸುತ್ತಿದ್ದ ಒಬ್ಬ ಮಹಾಶಯನಿಗೆ ಸೈಕಲ್ ಅಂಗಡಿಯ ಮೇಲಿನ ಹೊಲಿಗೆ ಘಟಕದಲ್ಲಿ ಈ ಎಲ್ಲ ಉಪಚಾರಗಳೂ ತಪ್ಪದೆ ನಡೆಯುತ್ತಿದ್ದವು. ಬಾಯಿ ಬಿಟ್ಟರೆ ಮೀಟರುಗಳ ಲೆಕ್ಕವನ್ನೇ ಹೇಳುತ್ತಿದ್ದುದರಿಂದ ಹೊಲಿಗೆಯವರು ಅವನಿಗೆ ಮೀಟರಯ್ಯ ಎಂದು ಹೆಸರಿಟ್ಟಿದ್ದರು.

ಘಟಕವೆಂದರೆ ಒಂದು ಉದ್ದನೆಯ ಕೋಣೆ, ಅದರ ಹಿಂದೆ ಒಂದು ಅಡುಗೆಮನೆ, ಮೇಲೊಂದು ತಾರಸಿ. ಕೋಣೆಯ ನಟ್ಟನಡುವೆ ಕತ್ತರಿಸುವ ಮೇಜು. ಆ ಮೇಜಿನ ಅರ್ಧಭಾಗಕ್ಕೆ ಸರಿಯಾಗಿ, ಅಡ್ಡಲಾಗಿ, ಕೆಂಪು ಟೇಪೊಂದನ್ನು ಅಂಟಿಸಲಾಗಿತ್ತು. ಟೇಪಿನ ಈಚೆಗೆ ಹಿರಿಸೊಸೆಯ ರಾಜ್ಯ, ಆಚೆಗೆ ಕಿರಿಸೊಸೆಯ ರಾಜ್ಯ. ಹಿರಿಯವಳು ರೋಗಿಗಳ ಅಂಗಿ ಹೊಲಿಸುತ್ತಿದ್ದಳು, ಕಿರಿಯವಳು ಪೈಜಾಮ. ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಮೇಜಿನ ಮೇಲೆ ಬಿಟ್ಟುಹೋದವರು ಯಾರು ಎಂಬ ಪ್ರಶ್ನೆಯಿಂದ ಓರಗಿತ್ತಿಯರ ನಡುವೆ ಮಾತು ನಿಂತಿತ್ತು. ಇಬ್ಬರ ಗಂಡಂದಿರು ಒಂದೇ ವ್ಯಾನಿನಲ್ಲಿ ಒಟ್ಟಿಗೆ ಕುಳಿತು ಮಾಲು ಸಾಗಿಸುತ್ತಿದ್ದರು. ಅವರ ಸೌಹಾರ್ದಕ್ಕೆ ಒಂದಿಷ್ಟೂ ಕುಂದು ಬಂದಿರಲಿಲ್ಲ, ಏಕೆಂದರೆ ಅವರು ಹಿಂದೆಯೂ ಮಾತಾಡುತ್ತಿರಲಿಲ್ಲ.

ಟೇಪಿನ ಎರಡೂ ಕಡೆ ಓಡಾಡುವ ಹಕ್ಕು ಇಬ್ಬರಿಗೆ ಮಾತ್ರ ಇತ್ತು. ಒಬ್ಬಳು ಅತ್ತೆ. ಕಿಟಕಿಯ ಬಳಿ ಕುಳಿತು ನೂಲು ಕತ್ತರಿಸುತ್ತ ಎರಡೂ ಪಕ್ಷಗಳನ್ನು ಸಮನಾಗಿ ಬೈಯುವುದು ಆಕೆಯ ಕೆಲಸ. ಇನ್ನೊಬ್ಬ ಕಟ್ಟಿಂಗ್ ಮಾಸ್ಟರ್. ಆತನ ತೋಳು ಬೇರೆಯವರ ತೊಡೆಯಷ್ಟಿತ್ತು. ಕತ್ತರಿಸುವ ಮಷಿನ್ ಒಂದೇ, ಆತನೂ ಒಬ್ಬನೇ ಆದ್ದರಿಂದ ಬೆಳಿಗ್ಗೆ ಅಂಗಿ, ಮಧ್ಯಾಹ್ನ ಪೈಜಾಮ ಕತ್ತರಿಸುತ್ತಿದ್ದ. ಓರಗಿತ್ತಿಯರ ಮಾತುಕತೆಯೆಲ್ಲ ಆತನ ಮೂಲಕವೇ ನಡೆಯುತ್ತಿತ್ತು.

"ಮಾಸ್ಟ್ರೇ, ಅವರ ಚಿಂದಿ ನಮ್ಮ ಕಡೆ ಬಿದ್ದಿದೆ ಅಂತ ಹೇಳಿ."

"ಅಮ್ಮಾವ್ರೆ, ಕೇಳಿಸ್ತಂತೆ. ಎತ್ತಲ್ವಂತೆ."

ಹೀಗೆ.

ಇಲ್ಲಿ ಮಾರ್ಕರ್ ಎಂಬುದರ ಬಗ್ಗೆ ಎರಡು ಮಾತು ಅಗತ್ಯ. ಬಟ್ಟೆಯ ಪದರಗಳನ್ನು ಒಂದರ ಮೇಲೊಂದು ಹಾಸಿ, ಅದರ ಮೇಲೆ ಕಂದು ಕಾಗದವೊಂದನ್ನು ಹರಡುತ್ತಾರೆ. ಆ ಕಾಗದದ ಮೇಲೆ ಉಡುಪಿನ ಪ್ರತಿಯೊಂದು ತುಂಡಿನ ರೇಖೆಯನ್ನೂ, ಒಂದಕ್ಕೊಂದು ಮೈತಾಗುವಂತೆ, ಮೊದಲೇ ಬರೆದಿರುತ್ತಾರೆ. ಆ ನಕ್ಷೆಯೇ ಮಾರ್ಕರ್. ಮಷಿನ್ ಆ ರೇಖೆಗಳ ಮೇಲೆಯೇ ಎಲ್ಲ ಪದರಗಳನ್ನೂ ಸೀಳಿಕೊಂಡು ಹೋಗುತ್ತದೆ. ತುಂಡು ತುಂಡುಗಳ ನಡುವೆ ಉಳಿದದ್ದು ಚಿಂದಿ. ಕಾಗದದ ಮೇಲೆ ಬೆರಳಗಲ ಅಜಾಗರೂಕತೆ ತೋರಿದರೆ ಅದು ಪದರ ಪದರಕ್ಕೂ ಬೆರಳಗಲ ನಷ್ಟ. ಒಬ್ಬ ರೈತ ಹತ್ತಿ ಬೆಳೆದು, ಒಬ್ಬಾಕೆ ಮಗ್ಗದ ಮುಂದೆ ನಿಂತು ಕಾಲು ಸವೆಸಿ ಆದ ಬಟ್ಟೆಯನ್ನು ಸೋಮಾರಿತನದಿಂದ ಗೋಣಿಚೀಲಕ್ಕೆ ತುಂಬುವುದು ಯಾವ ನ್ಯಾಯದಲ್ಲೂ ಕ್ಷಮ್ಯವಲ್ಲ. ಓರಗಿತ್ತಿಯರಲ್ಲಿ ಬೇರೆ ಯಾವ ದೋಷವಿದ್ದರೂ ಈ ಸೋಮಾರಿತನ ಇರಲಿಲ್ಲವೆಂದು ಒಪ್ಪಲೇಬೇಕು.

ಹಿರಿಯವಳ ಮಾರ್ಕರಿನಲ್ಲಿ ಅಂಗಿಯ ಮುಂದಿನ ತುಂಡು, ಹಿಂದಿನ ತುಂಡು ಅಕ್ಕಪಕ್ಕ ನಿಲ್ಲುತ್ತಿದ್ದವು. ಅವುಗಳ ಬದಿಯಲ್ಲಿ ಉಳಿಯುವ ಪಟ್ಟಿಯಲ್ಲಿ ಗಿಡ್ಡ ತೋಳುಗಳು ಒಂದರ ಕೆಳಗೊಂದು ಕುಳಿತುಬಿಡುತ್ತಿದ್ದವು. ಎಷ್ಟು ಬಿಗಿಯೆಂದರೆ, ಅವಳ ಚಿಂದಿಚೀಲ ತುಂಬುವ ಹೊತ್ತಿಗೆ ಅದನ್ನು ಒಯ್ಯುವವನಿಗೆ ಇಲ್ಲಿಗೆ ಬರುವ ದಾರಿಯೇ ಮರೆತುಹೋಗುತ್ತಿತ್ತು. ಕಿರಿಯವಳ ಮಾರ್ಕರಿನಲ್ಲಿ ಕಾಲುಗಳ ಮುಂಭಾಗ, ಹಿಂಭಾಗದ ತುಂಡುಗಳು ತಲೆಕೆಳಗಾಗಿ, ಕಾಲುಮೇಲಾಗಿ ಒಂದರ ಸಂದಿಯಲ್ಲಿ ಒಂದು ಸೇರಿ ನಿಲ್ಲುತ್ತಿದ್ದವು.

ಈ ಸಲ ಮೀಟರಯ್ಯನಿಂದ ಆಕಾಶನೀಲಿ ಬಟ್ಟೆಯ ಥಾನುಗಳು, ಎಂದರೆ ಇಡೀ ಸುರುಳಿಗಳು, ಬಂದವು. ಇವರದು ಇವರಿಗೆ, ಅವರದು ಅವರಿಗೆ. ಹಿರಿಯವಳು ಪದರ ಹಾಸಿಸಿ ಮಾರ್ಕರ್ ಹರಡಿದಳು. ಕಾಗದ ಬಟ್ಟೆಯ ಅಂಚನ್ನು ದಾಟಿ, ಮೇಜಿನಿಂದ ನಾಲಗೆ ಚಾಚಿದಂತೆ ಕೆಳಕ್ಕೆ ಇಳಿಬಿತ್ತು.

"ಇದೇನು, ಕಾಗದ ಹಿಗ್ಗಿತಾ?"

ಮಾಸ್ಟರ್ ಅಳತೆ ಟೇಪು ಹಿಡಿದು ಪನ್ನ ಅಳೆದ. ಬಟ್ಟೆಯ ಅಗಲಕ್ಕೆ ಅವರಲ್ಲಿ ಪನ್ನ ಎನ್ನುತ್ತಾರೆ. ಒಂದೊಂದೇ ಥಾನನ್ನು ಬಿಚ್ಚಿ ಅಳೆಯುತ್ತ ಹೋದಂತೆ ಆತನ ಮುಖ ಚಿಕ್ಕದಾಯಿತು. "ಕಾಗದ ಹಿಗ್ಗಿಲ್ಲ ಅಮ್ಮಾವ್ರೆ. ಬಟ್ಟೆ ಕುಗ್ಗಿದೆ. ಒಂದೊಂದು ಥಾನು ಒಂದೊಂದು ತರ. ತೀರಾ ಸಣ್ಣದಕ್ಕೆ ಸರಿಹೋಗೋ ಹಾಗೆ ಬರೀಬೇಕು ಅಂದ್ರೆ ಹತ್ತತ್ರ ಅರ್ಧ ಅಡಿ ಹೋಯ್ತು."

ಅರ್ಧ ಅಡಿ ಹೋದದ್ದು ಬದಿಯ ಪಟ್ಟಿಯಿಂದ. ಮುಂದಿನ ತುಂಡು, ಹಿಂದಿನ ತುಂಡು ಹೇಗೋ ನಿಂತವು. ತೋಳು ಮಾತ್ರ ಪಟ್ಟಿಯಿಂದ ಹೊರಗುಳಿಯಿತು. ತೋಳುಗಳಿಗೆಂದೇ ಬೇರೆ ಬಟ್ಟೆ ಹಾಸಿದರೆ ಥಾನು ಮುಗಿದುಹೋಗಿ, ಕೊನೆಯ ಅಂಗಿಗಳಿಗೆ ಬಟ್ಟೆಯೇ ಇರುವುದಿಲ್ಲ. ಕಿರಿಯವಳಿಗೆ ಈ ಕಷ್ಟವಿರಲಿಲ್ಲ. ಅವಳ ಕಾಲುಗಳ ಪಕ್ಕದಲ್ಲಿ ಮೊದಲಿಂದಲೂ ಒಂದಿಷ್ಟು ಸಡಿಲವಿತ್ತು. ಕಳವಾದದ್ದು ಆ ಸಡಿಲವಷ್ಟೇ. ಅವಳ ಮಾರ್ಕರ್ ಹೊಸ ಪನ್ನದ ಮೇಲೆ ಅಳತೆ ಕೊಟ್ಟು ಹೊಲಿಸಿದಂತೆ ಕುಳಿತಿತು.

ಮೀಟರಯ್ಯನಿಗೆ ಹೇಳಿಕಳಿಸಿದರು. ಬಂದ, ಕುಳಿತ, ಫ್ಯಾನ್ ತಿರುಗಿಸಿಕೊಂಡ.

"ಉದ್ದ ಅಷ್ಟೇ ಇದೆಯೋ ಇಲ್ಲವೋ?" ಎಂದ.

"ಉದ್ದ ಇದೆ ಸ್ವಾಮಿ. ಪನ್ನ ಎಲ್ಲಿ?" ಎಂದಳು ಹಿರಿಯವಳು.

"ನಾನು ಕೊಡೋದು ಮೀಟರ್ ಲೆಕ್ಕದಲ್ಲಮ್ಮ. ಪನ್ನದ ಮಾತು ಯಾವತ್ತಾದ್ರೂ ಆಡಿದ್ದೀವಾ?"

"ಆಡದೇ ಇದ್ದದ್ದಕ್ಕೇ ಅದು ಕಾಲು ಮುರಿದುಕೊಂಡು ಬಂತಾ?"

"ಅವರಿಗೂ ಅದೇ ಬಟ್ಟೆ ತಾನೇ?" ಮೀಟರಯ್ಯ ಟೇಪಿನಾಚೆಗೆ ಗದ್ದದಿಂದ ಸನ್ನೆ ಮಾಡಿದ. "ಅವರು ಏನೂ ಅಂತಿಲ್ಲ. ನೋಡಿ, ನನಗೆ ಅಂಗಿ, ಪೈಜಾಮ ಎರಡೂ ಸಮ ಬೇಕು. ಬರೀ ಪೈಜಾಮ ಹಾಕ್ಕೊಂಡು ಕೂರೋ ರೋಗಿ ಯಾರೂ ಇಲ್ಲ. ಶನಿವಾರ ಬರ್ತೀನಿ. ನಿಮ್ಮ ಕೈಲಿ ಆಗದಿದ್ರೆ ಮುಂದಿನ ಸಲದಿಂದ ಅಂಗೀನೂ ಅವರಿಗೇ ಕೊಡ್ತೀನಿ. ಮನೆ ಒಳಗೇ ಇರುತ್ತಲ್ಲ, ಬೇಜಾರೇನು?"

ಮನೆಯೊಳಗೇ ಇರುತ್ತದೆ! ತಪ್ಪು ತನ್ನದು, ದಂಡ ಇನ್ನೊಬ್ಬರಿಗೆ, ತೀರ್ಪು ಕೊಡುವವನೂ ತಾನೇ. ಅಷ್ಟು ಸಾಲದೆಂಬಂತೆ ಅದಕ್ಕೆ ಸಕ್ಕರೆಯ ಲೇಪ ಬೇರೆ. ಅಂಗಿ ಕೈತಪ್ಪಿದರೆ ಹಿರಿಯವಳ ಮಷಿನ್‌ಗಳು, ಅವಳನ್ನೇ ನಂಬಿಕೊಂಡು ಬಂದ ಹೊಲಿಗೆಯವರು, ಎಲ್ಲರೂ ಟೇಪಿನಾಚೆಗೆ ಸರಿಯಬೇಕು. ಕೊನೆಗೆ ಅವಳೂ. ಓರಗಿತ್ತಿಯ ಕೆಳಗೆ ಕೆಲಸ! ಅತ್ತೆ ಕಿಟಕಿಯ ಬಳಿ ಕತ್ತರಿಯನ್ನು ಒಮ್ಮೆ ಸುಮ್ಮನೆ ಆಡಿಸಿದಳು. ಆಚೆ ರಾಜ್ಯದಲ್ಲಿ ಕಿರಿಯವಳು ತಲೆಯೆತ್ತಲಿಲ್ಲ. ಆದರೆ ಅವಳು ಹಿಡಿದಿದ್ದ ಸೀಮೆಸುಣ್ಣ ಬಹಳ ಹೊತ್ತು ಒಂದೇ ಜಾಗದಲ್ಲಿ ನಿಂತಿತ್ತು.

ಹಿರಿಯವಳು ಆ ದಿನವೆಲ್ಲ ತೋಳಿನ ಆಕಾರಕ್ಕೆ ಕತ್ತರಿಸಿದ ಅಳತೆಯ ರಟ್ಟನ್ನು ಕೈಯಲ್ಲಿ ಹಿಡಿದು ಬರಿದಾದ ಪಟ್ಟಿಯ ಸುತ್ತ ತಿರುಗಿದಳು. ಬಾಗಿಲು ಸಣ್ಣದಾದ ಮನೆಗೆ ಮಂಚ ಒಯ್ಯುವವರಂತೆ ಅದನ್ನು ಓರೆ ಮಾಡಿದಳು, ತಿರುಗಿಸಿದಳು, ಕೊನೆಗೆ ಅಡ್ಡ ಮಲಗಿಸಿದಳು. ಕುಳಿತಿತು! ಒಂದಲ್ಲ, ಸಾಲಾಗಿ ಎಲ್ಲವೂ ಕುಳಿತವು.

"ಮಾಸ್ಟ್ರೇ, ಬನ್ನಿ ಇಲ್ಲಿ. ಮಷಿನ್ ತನ್ನಿ."

ಮಾಸ್ಟರ್ ಬಂದು ನೋಡಿದ, ಮಷಿನ್ ತರಲಿಲ್ಲ. "ಅಮ್ಮಾವ್ರೆ, ತೋಳು ಅಡ್ಡ ಮಲಗಿದೆ."

"ಮಲಗಲಿ ಬಿಡಿ. ಅದಕ್ಕೂ ಸುಸ್ತಾಗಿರುತ್ತೆ."

"ತಮಾಷೆ ಅಲ್ಲ. ತುಂಡಿನ ಮೇಲಿರೋ ಗೆರೆ ಅಂಚಿಗೆ ಸಮವಾಗಿ ಓಡ್ಬೇಕು. ಬಟ್ಟೆ ಉದ್ದಕ್ಕೆ ಓಡೋ ಹಾಸಿನ ನೂಲು ತೋಳಿನ ಉದ್ದಕ್ಕೇ ಬರ್ಬೇಕು. ಹೀಗೆ ಮಲಗಿಸಿದ್ರೆ ಅದು ಸುತ್ತಳತೆಗೆ ಬರುತ್ತೆ. ಆಸ್ಪತ್ರೆ ಬಟ್ಟೆ, ಕುದಿಸಿ ಒಗೀತಾರೆ. ಹತ್ತಿ ಬಟ್ಟೆ ಉದ್ದಕ್ಕೇ ಜಾಸ್ತಿ ಕುಗ್ಗೋದು. ತೋಳು ಬಿಗಿಯಾಗುತ್ತೆ."

"ಎಷ್ಟು ಬಿಗಿಯಾಗುತ್ತೆ? ಒಂದು ನೂಲಷ್ಟು?"

"ಅದನ್ನ ನನ್ನ ಕೇಳ್ಬೇಡಿ, ನೀರನ್ನ ಕೇಳಿ."

"ಕೇಳೋಣ," ಎಂದಳು ಹಿರಿಯವಳು. ತಪ್ಪೆಂದು ತಿಳಿದೂ ತಪ್ಪಿಗೆ ಸಾಕ್ಷಿ ಹುಡುಕುವ ಹಟ ಅದು. ಆದರೂ ಕತ್ತರಿಸಿಬಿಟ್ಟು ಆಮೇಲೆ ನೋಡೋಣವೆನ್ನದೆ, ಮೊದಲು ಪರೀಕ್ಷೆಗೆ ಒಪ್ಪಿದ್ದು ಅವಳ ಪಾಲಿನ ಒಳ್ಳೆಯತನ.

ಒಂದೇ ಒಂದು ಅಂಗಿ ಹೊಲಿದರು. ಬಲತೋಳು ನೆಟ್ಟಗೆ ಕತ್ತರಿಸಿದ್ದು, ಎಡತೋಳು ಅಡ್ಡ ಕತ್ತರಿಸಿದ್ದು. ರೋಗಿಗಳಲ್ಲಿ ದಪ್ಪಗಿರುವವರೂ ಇರುತ್ತಾರೆಂಬ ನೆಪದಲ್ಲಿ ಮಾಸ್ಟರನಿಗೇ ತೊಡಿಸಿ ನೋಡಿದರು. ಎರಡೂ ತೋಳು ಸಲೀಸಾಗಿ ಹೋದವು. ಹಿರಿಯವಳು ಎಲ್ಲರ ಮುಖವನ್ನೂ ಒಮ್ಮೆ ನೋಡಿದಳು. ಅತ್ತೆ ಅಂಗಿಯನ್ನು ಒಯ್ದು ಅಡುಗೆಮನೆಯ ದೊಡ್ಡ ಪಾತ್ರೆಯಲ್ಲಿ ಹಾಕಿ, ನಿಷ್ಕರುಣೆಯಿಂದ ಕುದಿಸಿದಳು. ಆಗಾಗ ಸೌಟಿನಿಂದ ತಿರುವುತ್ತ, "ಬೆಂದಿಲ್ಲ, ಇನ್ನೂ ಬೆಂದಿಲ್ಲ," ಎಂದು ಕೂಗಿ ಹೇಳಿದಳು. ಬಳಿಕ ತಾರಸಿಯ ಬಿಸಿಲಿನಲ್ಲಿ ಒಣಗಿಸಿ ತಂದಳು.

ಈ ಹೊತ್ತಿಗೆ ಮಷಿನ್‌ಗಳೆಲ್ಲ ನಿಂತಿದ್ದವು. ಟೇಪಿನ ಎರಡೂ ಕಡೆಯ ಜನ ಕತ್ತು ಚಾಚಿದ್ದರು. ಮಾಸ್ಟರ್ ತಲೆ ತೂರಿಸಿದ. ಬಲಗೈ ಬಲತೋಳಿನಿಂದ ಹೊರಬಂದಿತು. ತೋಳು ಸ್ವಲ್ಪ ಗಿಡ್ಡವಾಗಿತ್ತು, ಅಷ್ಟೇ. ಎಡಗೈ ಎಡತೋಳನ್ನು ಪ್ರವೇಶಿಸಿತು, ಮೊಳಕೈವರೆಗೆ ಹೋಯಿತು, ಮೊಳಕೈ ದಾಟಿತು, ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ. ಮಾಸ್ಟರ್ ಉಸಿರು ಬಿಗಿಹಿಡಿದು ನೂಕಿದ.

"ಹೋಗುತ್ತೆ, ನೂಕಿ!" ಎಂದಳು ಹಿರಿಯವಳು.

"ನೂಕ್ತಾ ಇದ್ದೀನಿ. ಅದು ನನ್ನನ್ನೇ ನೂಕ್ತಾ ಇದೆ."

"ಹಾಗಾದ್ರೆ ಹೊರಗೆ ತೆಗೀರಿ."

ಮಾಸ್ಟರ್ ಎಳೆದ. ಹೊರಗೂ ಬರಲಿಲ್ಲ. ಅರ್ಧ ಏರಿದ ಅಂಗಿಯಲ್ಲಿ, ಒಂದು ಕೈ ಆಕಾಶಕ್ಕೆತ್ತಿ, ತರಗತಿಯಲ್ಲಿ ಉತ್ತರ ಗೊತ್ತಿರುವ ದಡ್ಡನಂತೆ ಆತ ನಿಂತುಬಿಟ್ಟ.

"ಏನಯ್ಯ, ಪ್ರಶ್ನೆ ಏನಾದ್ರೂ ಇದೆಯಾ?" ಎಂದಳು ಅತ್ತೆ.

ಆಚೆ ರಾಜ್ಯ ಮೊದಲು ನಕ್ಕಿತು, ಬಳಿಕ ಈಚೆ ರಾಜ್ಯವೂ ನಕ್ಕಿತು. ಕಾಜಾ ಹೊಲಿಯುವವಳು ನಗೆ ತಡೆಯಲಾರದೆ ಮಷಿನ್ ಮೇಲೆ ತಲೆಯಿಟ್ಟಳು. ಕಿರಿಯವಳೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗದೆ ನಿಂತವಳು ಹಿರಿಯವಳೊಬ್ಬಳೇ. ಅವಳೇ ಹೋಗಿ ಕತ್ತರಿ ತಂದು, ತೋಳಿನ ಹೊಲಿಗೆಯನ್ನು ಮೆಲ್ಲಗೆ ಬಿಚ್ಚಿ ಮಾಸ್ಟರನನ್ನು ಬಿಡುಗಡೆ ಮಾಡಿದಳು. ಆತನ ತೋಳಿನ ಮೇಲೆ ಬಟ್ಟೆ ಒತ್ತಿದ ಕೆಂಪು ಬಳೆ ಮೂಡಿತ್ತು. ಅವಳು ಅದನ್ನೇ ನೋಡಿದಳು.

"ಆರೋಗ್ಯವಾಗಿರೋ ನಿಮಗೇ ಹೀಗೆ," ಎಂದಳು. "ಸೂಜಿ ಚುಚ್ಚಿಸಿಕೊಂಡು, ಕೈಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿರೋರು ಏನು ಮಾಡ್ಬೇಕು?"

ಅಡ್ಡ ಮಲಗಿಸಿದ್ದ ತೋಳಿನ ರಟ್ಟನ್ನು ಅವಳೇ ಪಟ್ಟಿಯಿಂದ ಎತ್ತಿಬಿಟ್ಟಳು.

"ತೋಳು ನೆಟ್ಟಗೇ ಕತ್ತರಿಸಿ. ಬಟ್ಟೆ ಸಾಲದೇ ಹೋದ್ರೆ ಹೋಗ್ಲಿ. ಎಷ್ಟು ಬರುತ್ತೋ ಅಷ್ಟು ಅಂಗಿ." ಕತ್ತರಿಯನ್ನು ಮೇಜಿನ ಮೇಲಿಟ್ಟಳು. "ಶನಿವಾರ ಅವನು ಏನು ಹೇಳ್ತಾನೋ ಹೇಳ್ಲಿ. ಕೇಳ್ತೀನಿ."

ಅಳತೆಯಲ್ಲಿ ಮೋಸಮಾಡಿ ಉಳಿಸಿದ್ದನ್ನು ಉಳಿತಾಯವೆಂದು ಕರೆಯುವ ಜನ ಬೇಕಾದಷ್ಟಿದ್ದಾರೆ. ಹೊಲಿಗೆಗೆಂದು ಬಿಟ್ಟ ಅಂಚನ್ನು ಸವರುವವರು, ನೂಲಿನ ದಿಕ್ಕನ್ನು ತಿರುಚುವವರು, ಒಗೆದ ಮೇಲೆ ತಾನೇ ಗೊತ್ತಾಗುವುದು ಎಂದು ಕಣ್ಣು ಮಿಟುಕಿಸುವವರು. ಚಿಂದಿಯಿಂದ ಉಳಿಸಿದ್ದು ಮಾತ್ರ ಉಳಿತಾಯ. ತೊಡುವವನ ಮೈಯಿಂದ ಉಳಿಸಿದ್ದು ಕಳ್ಳತನ. ಹಿರಿಸೊಸೆ ಆ ಕಳ್ಳತನದ ಹೊಸ್ತಿಲವರೆಗೆ ಹೋಗಿ ಹಿಂದಿರುಗಿದಳು. ಹಿಂದಿರುಗಿದ್ದರ ಬೆಲೆ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಕಿರಿಸೊಸೆಯ ನಗೆ ಎಲ್ಲಿಯೋ ಅಡಗಿತು. ತನ್ನ ಪೈಜಾಮದ ರಟ್ಟುಗಳನ್ನು ಜೋಡಿಸುವ ನೆಪದಲ್ಲಿ ಅವಳು ಟೇಪಿನ ಹತ್ತಿರ ಬಂದು ನಿಂತಳು. ಈಚೆ, ಹರಡಿದ ಬಟ್ಟೆಯ ಮೇಲೆ ಹಿರಿಯವಳ ಹೊಸ ಮಾರ್ಕರ್ ಬಿದ್ದಿತ್ತು. ಅದರಲ್ಲಿ ಅಂಗಿಯ ಮುಂದಿನ ತುಂಡುಗಳು, ಹಿಂದಿನ ತುಂಡುಗಳು, ಬದಿಯಲ್ಲಿ ಉದ್ದಕ್ಕೂ ಬರಿದಾದ ಪಟ್ಟಿ. ತೋಳಿಗೆ ಸಾಲದು, ಜೇಬಿಗೆ ತೀರಾ ಹೆಚ್ಚು. ಕೆಲವರಿಗೆ ಗೋಡೆಯ ಮೇಲೆ ಸೊಟ್ಟಗಿರುವ ಪಟ ಕಂಡರೆ ಕೈ ಸುಮ್ಮನಿರುವುದಿಲ್ಲ. ಕಿರಿಯವಳಿಗೆ ಬಟ್ಟೆಯ ಮೇಲೆ ಖಾಲಿ ಜಾಗ ಕಂಡರೆ ಹಾಗೆ. ಅವಳು ಪಟ್ಟಿಯನ್ನು ನೋಡಿದಳು. ಕೈಯಲ್ಲಿದ್ದ ರಟ್ಟನ್ನು ನೋಡಿದಳು. ಅದು ಪೈಜಾಮದ ಮುಂಗಾಲು, ಎಂದರೆ ಕಾಲಿನ ಮುಂಭಾಗದ ತುಂಡು. ಹಿಂಗಾಲಿಗಿಂತ ಅಗಲ ಕಡಿಮೆ, ಉದ್ದನೆಯದು, ನೆಟ್ಟಗಿನದು.

ಅವಳಿಗೆ ಎಲ್ಲವೂ ಒಮ್ಮೆಗೇ ತಿಳಿಯಿತು. ಮುಂಗಾಲುಗಳನ್ನು ಆ ಪಟ್ಟಿಯಲ್ಲಿ ನಿಲ್ಲಿಸಿದರೆ ತನ್ನ ಕಡೆಯ ಬಟ್ಟೆಯಲ್ಲಿ ಅಷ್ಟು ಜಾಗ ತೆರವಾಗುತ್ತದೆ. ಅಲ್ಲಿ ಎರಡು ತೋಳು ನೆಟ್ಟಗೆ ಅಕ್ಕಪಕ್ಕ ನಿಂತರೆ, ಪಕ್ಕದಲ್ಲಿ ಒಂದು ಹಿಂಗಾಲು ನಿಲ್ಲುತ್ತದೆ. ಅಂಗಿ, ಪೈಜಾಮ ಒಂದೇ ಮಾರ್ಕರಿನಲ್ಲಿ. ಬಟ್ಟೆ ಸಾಲುತ್ತದೆ.

ಇನ್ನೊಂದೂ ತಿಳಿಯಿತು. ಬಾಯಿ ಮುಚ್ಚಿಕೊಂಡು ಶನಿವಾರದವರೆಗೆ ಕಾಲ ತಳ್ಳಿದರೆ ಅಂಗಿಯೂ ತನ್ನದು, ಪೈಜಾಮವೂ ತನ್ನದು, ಈ ಉಪಾಯವೂ ತನ್ನದು. ಯಾರೂ ಅವಳನ್ನು ದೂರುವಂತಿರಲಿಲ್ಲ, ಏಕೆಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಯಾರಿಗೂ ಗೊತ್ತಾಗದ ಅಧರ್ಮಕ್ಕಿಂತ ಹಿತವಾದ ಹಾಸಿಗೆ ಲೋಕದಲ್ಲಿ ಇನ್ನೊಂದಿಲ್ಲ. ಎಷ್ಟೋ ಗಣ್ಯರು ಅದರ ಮೇಲೆ ಮಗ್ಗುಲು ಬದಲಿಸದೆ ನಿದ್ರಿಸುತ್ತಾರೆ.

ಮಾಸ್ಟರ್ ಮಷಿನ್ ಎತ್ತಿ ತಂದು ಸ್ವಿಚ್ ಒತ್ತಿದ. ಅಲಗು ಗುಯ್ಯೆಂದಿತು. ಕತ್ತರಿಸಿಬಿಟ್ಟರೆ ಪಟ್ಟಿ ಚಿಂದಿಯಾಗಿಬಿಡುತ್ತದೆ.

"ಮಾಸ್ಟ್ರೇ!" ಕಿರಿಯವಳು ಕೂಗಿದಳು. "ಮಷಿನ್ ನಿಲ್ಲಿಸಬೇಕಂತೆ ಅಂತ ಅವರಿಗೆ ಹೇಳಿ!"

ಮಾಸ್ಟರ್ ಅಲಗು ನಿಲ್ಲಿಸಿದ. "ಮಷಿನ್ ನನ್ನ ಕೈಲಿದೆ. ಅವರಿಗ್ಯಾಕೆ ಹೇಳ್ಬೇಕು?"

"ಹೇಳಿ ಅಂದ್ರೆ ಹೇಳಿ."

"ಅಮ್ಮಾವ್ರೆ, ನಾನು ಮಷಿನ್ ನಿಲ್ಲಿಸಿದ್ದೀನಂತೆ."

"ಯಾಕಂತೆ?" ಎಂದಳು ಹಿರಿಯವಳು, ಗೋಡೆಯ ಕಡೆ ನೋಡುತ್ತ.

"ಯಾಕಂತೆ ಅಂತ ಕೇಳ್ತಿದ್ದಾರೆ."

"ಆ ಪಟ್ಟೀಲಿ ನನ್ನ ಮುಂಗಾಲು ಕೂರುತ್ತೆ ಅಂತ ಹೇಳಿ."

"ಅವರ ಮುಂಗಾಲು ಇಲ್ಲಿ…" ಮಾಸ್ಟರ್ ಅರ್ಧಕ್ಕೆ ನಿಲ್ಲಿಸಿ, ಮಷಿನ್ ಕೆಳಗಿಟ್ಟ. "ಅಯ್ಯೋ ನಿಮ್ಮ! ಎಡಗೈ ಇನ್ನೂ ಉರೀತಿದೆ ನನಗೆ. ನೀವೇ ಮಾತಾಡ್ಕೊಳ್ಳಿ."

ಕಿರಿಯವಳು ಟೇಪನ್ನು ದಾಟಿದಳು. ದಾಟಿದ್ದೇ ಗೊತ್ತಾಗದಷ್ಟು ಅವಸರದಲ್ಲಿ ಹೋಗಿ ರಟ್ಟನ್ನು ಪಟ್ಟಿಯ ಮೇಲಿಟ್ಟಳು. ಗೆರೆ ಅಂಚಿಗೆ ಸಮವಾಗಿತ್ತು. ರಟ್ಟಿನ ಎರಡೂ ಬದಿಯಲ್ಲಿ ಒಂದೊಂದು ಬೆರಳಿಗೂ ಜಾಗವಿರಲಿಲ್ಲ.

ಹಿರಿಯವಳು ಬಾಗಿ ನೋಡಿದಳು. ರಟ್ಟನ್ನು ಒಂದು ಸಲ ಎತ್ತಿ, ತಾನೇ ಮತ್ತೆ ಇಟ್ಟು ನೋಡಿದಳು. ಆಮೇಲೆ ತಲೆಯೆತ್ತಿ ಅವಳ ಮುಖವನ್ನೇ ನೇರವಾಗಿ ನೋಡಿ ಕೇಳಿದಳು:

"ನಿನ್ನ ಕಾಲು ಇಲ್ಲಿಗೆ ಬಂದ್ರೆ ನನ್ನ ತೋಳು ಎಲ್ಲಿಗೆ ಹೋಗ್ಬೇಕೇ?"

"ನನ್ನ ಹಿಂಗಾಲಿನ ಪಕ್ಕಕ್ಕೆ, ಅಕ್ಕ."

"ನೆಟ್ಟಗೆ?"

"ನೆಟ್ಟಗೆ. ಎರಡೂ."

"ಮತ್ತೆ ಇಷ್ಟು ಹೊತ್ತು ಏನು ಮಾಡ್ತಾ ಇದ್ದೆ?"

"ನಗ್ತಾ ಇದ್ದೆ."

ಅತ್ತೆ ಕಿಟಕಿಯ ಬಳಿಯಿಂದ ಮುಖ ತಿರುಗಿಸಿ, ಸೆರಗಿನಿಂದ ಮೂಗನ್ನು ಜೋರಾಗಿ ಒರೆಸಿಕೊಂಡಳು.

ಒಟ್ಟು ಮಾರ್ಕರ್ ಉದ್ದವಾಗುತ್ತದೆ. ಅರ್ಧ ಮೇಜು ಅದಕ್ಕೆ ಸಾಲದು. ಹಾಗಾಗಿ ಮಾಸ್ಟರ್ ಉಗುರಿನಿಂದ ಕೆಂಪು ಟೇಪನ್ನು ಕಿತ್ತು ಉಂಡೆ ಮಾಡಿ ಚಿಂದಿಚೀಲಕ್ಕೆ ಎಸೆದ. ಯಾರೂ ಭಾಷಣ ಮಾಡಲಿಲ್ಲ, ಎಲ್ಲರಿಗೂ ಕೆಲಸವಿತ್ತು. ಆತ ಎರಡೂ ಕಡೆಯ ಥಾನುಗಳ ತುದಿಗಳನ್ನು ಬಾಗಿಲಿನ ಬೆಳಕಿಗೆ ಒಯ್ದು ಬಣ್ಣ ಹೋಲಿಸಿ ನೋಡಿ, ಹೊಂದದ ಒಂದನ್ನು ಬೇರೆಯೇ ಹಾಸಲು ಪಕ್ಕಕ್ಕಿಟ್ಟ. ಹೊಸ ಕಾಗದ ಹರಡಿ, ತೀರಾ ಕಡಿಮೆ ಪನ್ನದ ಥಾನಿನ ಅಗಲಕ್ಕೆ ಸರಿಯಾಗಿ ಎರಡು ಅಂಚು ಗೆರೆ ಎಳೆದರು. ಮೊದಲು ದೊಡ್ಡ ತುಂಡುಗಳು, ಆಮೇಲೆ ಸಣ್ಣವು.

ಮಾತು ಶುರುವಾಯಿತಲ್ಲ, ಇನ್ನು ನಿಲ್ಲುವುದೆಂತು?

"ಅಕ್ಕ, ನಿಮ್ಮ ಅಂಗಿ ನನ್ನ ಕಾಲು ತುಳೀತಿದೆ. ಸ್ವಲ್ಪ ಆಚೆ."

"ನಿನ್ನ ಕಾಲನ್ನ ನೀನೇ ಮಡಚ್ಕೋ. ನನ್ನ ಅಂಗಿ ಮೊದಲು ಬಂದಿದ್ದು."

"ಮೊದಲು ಬಂದೋರು ಅಗಲವಾಗಿ ಕೂತ್ಬಿಟ್ರೆ? ತಲೆಕೆಳಗೆ ಮಾಡಿ ನೋಡಿ. ಭುಜ ಇಳಿದಿರೋ ಕಡೆ ನನ್ನ ಸೊಂಟ ಬರುತ್ತೆ."

"ನಿನ್ನ ಸೊಂಟಕ್ಕೆ ನನ್ನ ಭುಜ ಯಾಕೆ?"

ಆದರೂ ತಲೆಕೆಳಗೆ ಮಾಡಿದಳು. ಸಾದಾ ಬಟ್ಟೆ, ಹೂವಿನ ಅಚ್ಚಿಲ್ಲ, ಮಖಮಲ್ಲಿನಂತೆ ಒಂದೇ ಕಡೆ ವಾಲುವ ರೋಮವಿಲ್ಲ. ಮೇಲುಕೆಳಗಾದರೂ ನೂಲಿನ ದಿಕ್ಕು ಕೆಡುವುದಿಲ್ಲ. ಕಾಲುಗಳ ಕವಲಿನಲ್ಲಿ ಬಾಗಿದ ಗೆರೆಗಳ ನಡುವೆ ಉಳಿದ ಸಂದಿಗೆ ಹಿರಿಯವಳು ಜೇಬನ್ನು ನೂಕಿದಳು. ಕಿರಿಯವಳು ಅಂಚಿನುದ್ದಕ್ಕೂ ಉಳಿದ ಎಳೆಯಷ್ಟು ಜಾಗದಲ್ಲಿ ಪೈಜಾಮದ ಲಾಡಿಯನ್ನು ಮಲಗಿಸಿದಳು. ತೋಳುಗಳು ಹಿಂಗಾಲಿನ ಪಕ್ಕದಲ್ಲಿ ಮದುವೆಮನೆಯ ಪಂಕ್ತಿಯಲ್ಲಿ ಜಾಗ ಸಿಕ್ಕಿದವರಂತೆ ಒತ್ತಾಗಿ, ಆದರೆ ನೆಟ್ಟಗೆ ಕುಳಿತವು. ಒಂದು ಕಡೆ ಹಿರಿಯವಳು ಯಾರೂ ನೋಡುತ್ತಿಲ್ಲವೆಂದು ಮುಂಗಾಲಿನ ರಟ್ಟನ್ನು ಸ್ವಲ್ಪ, ಬಹಳ ಸ್ವಲ್ಪ, ಓರೆ ಮಾಡಿದಳು.

"ಅಕ್ಕ."

"ಏನು?"

"ಕಾಲು ಸೊಟ್ಟಗಿದೆ. ಒಗೆದ್ರೆ ಪೈಜಾಮ ಸುತ್ತಿಕೊಳ್ಳುತ್ತೆ. ರೋಗಿ ಕಕ್ಕಸಿಗೆ ಹೊರಟು ವಾರ್ಡಿನ ಬಾಗಿಲಿಗೆ ಹೋಗಿ ನಿಲ್ತಾನೆ."

"ಕಣ್ಣೋ ಇಕ್ಕಳವೋ ನಿನ್ನದು," ಎಂದು ಹಿರಿಯವಳು ರಟ್ಟನ್ನು ನೆಟ್ಟಗೆ ಮಾಡಿದಳು.

ಮಾಸ್ಟರ್ ಕೊನೆಗೆ ಕಾಗದದ ಮೇಲಿನ ತುಂಡುಗಳನ್ನು ಒಂದೊಂದಾಗಿ ಎಣಿಸಿ ಗುರುತು ಹಾಕುತ್ತ ಬಂದ. ಮಾರ್ಕರಿನಲ್ಲಿ ಒಂದು ತುಂಡು ಮರೆತರೆ ಪದರಕ್ಕೊಂದರಂತೆ ಎಲ್ಲ ಉಡುಪುಗಳೂ ಅಂಗಹೀನವಾಗುತ್ತವೆ. ಆತ ಎಣಿಸಿದ, ಮತ್ತೆ ಎಣಿಸಿದ.

"ಒಂದು ಎಡಗಾಲು ಕಾಣ್ತಿಲ್ಲ."

ಎಲ್ಲರೂ ಹುಡುಕಿದರು. ಓರಗಿತ್ತಿಯರು ಒಬ್ಬರನ್ನೊಬ್ಬರು ಸಂಶಯದಿಂದ ನೋಡಿದರು.

"ಅತ್ತೆ, ಸ್ವಲ್ಪ ಏಳ್ತೀರಾ?" ಎಂದಳು ಕಿರಿಯವಳು.

ಎಡಗಾಲಿನ ರಟ್ಟನ್ನು ಅತ್ತೆ ಸ್ಟೂಲಿನ ಮೇಲೆ ಹಾಕಿಕೊಂಡು ಕುಳಿತಿದ್ದಳು. "ಎಷ್ಟು ಹೊತ್ತಿಂದ ಕಾಯ್ತಿದ್ದೀನಿ, ಯಾರಾದ್ರೂ ಕೇಳ್ತೀರೇನೋ ಅಂತ," ಎಂದಳಾಕೆ, ಸ್ವಲ್ಪವೂ ನಾಚದೆ. ಆ ಕಾಲಿಗೂ ಜಾಗ ಮಾಡಲು ಮಾರ್ಕರನ್ನು ಒಂದು ಮೊಳ ಉದ್ದ ಮಾಡಬೇಕಾಯಿತು. ಹಾಗೆ ಉದ್ದವಾದಲ್ಲಿ ಇನ್ನೂ ಒಂದು ಜೊತೆ ತೋಳು ಹಿಡಿಯಿತು.

ಶುಕ್ರವಾರ ಕತ್ತರಿಸಿ ಮುಗಿಯಿತು. ಪ್ರತಿ ಪದರದಿಂದಲೂ ಅಂಗಿ, ಪೈಜಾಮ ಕೂಡಿಯೇ ಬಂದುದರಿಂದ ಒಂದೇ ಜೊತೆಯಲ್ಲಿ ಅಂಗಿ ಒಂದು ನೀಲಿ, ಪೈಜಾಮ ಇನ್ನೊಂದು ನೀಲಿ ಎಂಬ ಹಳೆಯ ದೂರಿಗೂ ಆಸ್ಪದವಿರಲಿಲ್ಲ. ಮಷಿನ್‌ಗಳು ಎರಡೂ ಕಡೆ ರಾತ್ರಿಯೆಲ್ಲ ಒಟ್ಟಿಗೆ ಓಡಿದವು.

ಶನಿವಾರ ಮೀಟರಯ್ಯ ಬಂದ. ಕುರ್ಚಿ ಅಲ್ಲೇ ಇತ್ತು, ಫ್ಯಾನನ್ನು ಯಾರೂ ತಿರುಗಿಸಲಿಲ್ಲ. ಕಟ್ಟುಗಳನ್ನು ಬಿಚ್ಚಿಸಿ, ಎಣಿಸಿ, ಅಂಗಿಗಳು ಪೂರ್ತಿಯಾಗಿರುವುದನ್ನು ಕಂಡು ಅವನ ಮುಖದಲ್ಲಿ ಸಂತೋಷಕ್ಕಿಂತ ಮೊದಲು ಸಂಶಯ ಮೂಡಿತು. ಒಂದು ತೋಳನ್ನು ಹಿಡಿದು ಎಳೆದು ನೋಡಿದ. ಸರಿಯಾಗಿತ್ತು.

"ಹೇಗೋ ಮಾಡಿಬಿಟ್ರಿ. ನಾನು ಹೇಳ್ಲಿಲ್ವಾ, ಬಟ್ಟೆ ಸಾಕಾಗುತ್ತೆ ಅಂತ?" ಎಂದ. ಬಳಿಕ ಸ್ವರ ತಗ್ಗಿಸಿ, ಕಿರಿಯವಳ ಕಡೆ ಬಾಗಿ, "ಆದ್ರೂ ನೋಡಮ್ಮ, ಮುಂದಿನ ಸಲ ಎರಡೂ ನಿನಗೇ ಕೊಡೋದು ಅಂತ ನನ್ನ ಮನಸ್ಸಲ್ಲಿದೆ. ಎರಡೆರಡು ಕಡೆ ಮಾತಾಡೋದು ನನಗೂ ತೊಂದರೆ," ಎಂದ.

ಹಿರಿಯವಳು ಮಡಚುತ್ತಿದ್ದ ಅಂಗಿಯನ್ನು ಮಡಚುತ್ತಲೇ ಇದ್ದಳು. ಆದರೆ ಮೂರನೆಯ ಸಲ ಮಡಚುತ್ತಿದ್ದಳು.

"ಹೌದಾ?" ಎಂದಳು ಕಿರಿಯವಳು. "ಹಾಗಾದ್ರೆ ಒಂದೇ ಕಡೆ ಮಾತಾಡಿ. ಅಂಗಿ ಬೇಕಾದ್ರೆ ಅಕ್ಕನ್ನ ಕೇಳಿ. ಪೈಜಾಮ ಬೇಕಾದ್ರೂ ಅಕ್ಕನ್ನೇ ಕೇಳಿ. ನನ್ನ ಕಾಲುಗಳೆಲ್ಲ ಅವರ ಅಂಗಿ ಪಕ್ಕದಲ್ಲೇ ಸಿಕ್ಕಿಕೊಂಡಿವೆ. ಬಿಡಿಸಿದ್ರೆ ನಿಮ್ಮ ಬಟ್ಟೆ ಸಾಲಲ್ಲ."

ಮೀಟರಯ್ಯ ಹಿರಿಯವಳ ಕಡೆ ತಿರುಗಿದ. ಅವಳು ಮಡಚಿದ ಅಂಗಿಯನ್ನು ಕಟ್ಟಿನ ಮೇಲಿಟ್ಟು, ಅಳತೆ ಟೇಪನ್ನು ಕೊರಳಿನಿಂದ ತೆಗೆದು, ಅವನ ಕೈಗೆ ಕೊಟ್ಟಳು.

"ಮುಂದಿನ ಬಟ್ಟೆ ತರೋ ಮೊದಲು ಅಂಗಡಿಯಲ್ಲೇ ಪನ್ನ ಅಳೀರಿ. ಅಡ್ಡಲಾಗಿ. ಹೀಗೆ ಅಲ್ಲ, ಹೀಗೆ." ಅವನ ಕೈಯನ್ನು ತಾನೇ ತಿರುಗಿಸಿ ತೋರಿಸಿದಳು. "ಎಷ್ಟಿದೆ ಅಂತ ಮೊದಲೇ ಹೇಳಿ. ಅದಕ್ಕೆ ತಕ್ಕ ಮಾರ್ಕರ್ ನಾವು ಬರೀತೀವಿ. ಹೇಳದೆ ತಂದ್ರೆ ಥಾನು ಇಳಿಸ್ಕೊಳ್ಳಲ್ಲ."

"ನಾವು ಅಂದ್ರೆ?" ಎಂದ ಮೀಟರಯ್ಯ.

"ನಾವು ಅಂದ್ರೆ ನಾವು," ಎಂದಳು ಅತ್ತೆ. "ಅದಕ್ಕೂ ಮೀಟರ್ ಹಾಕ್ತೀಯೇನಪ್ಪ?"

ಅವನು ಒಪ್ಪಿದ. ಒಪ್ಪದೆ ಅವನಿಗೆ ಬೇರೆ ದಾರಿಯಿರಲಿಲ್ಲ. ಅಷ್ಟು ಕಡಿಮೆ ಪನ್ನದಲ್ಲಿ ಅ‌ಷ್ಟು ಜೊತೆ ಉಡುಪು ತೆಗೆಯುವವರು ಆ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲವೆಂಬುದು ಮೀಟರಿನಲ್ಲಿ ಯೋಚಿಸುವವನಿಗೂ ಅರ್ಥವಾಗಿತ್ತು. ಗಂಡಂದಿರಿಬ್ಬರು ಕಟ್ಟುಗಳನ್ನು ಹೊತ್ತು ಮೆಟ್ಟಿಲಿಳಿದು, ಎಂದಿನಂತೆ ಒಂದೂ ಮಾತಾಡದೆ ವ್ಯಾನಿಗೆ ತುಂಬಿದರು.

ಮೇಲೆ, ಓರಗಿತ್ತಿಯರು ಮುಂದಿನ ಮಾರ್ಕರಿಗೆ ಕಾಗದ ಹರಡಿಯಾಗಿತ್ತು. ಜೇಬು ಕಾಲಿನ ಕವಲಿನಲ್ಲಿ ಕೂರಬೇಕೋ, ಕೊರಳ ಇಳಿಜಾರಿನಲ್ಲೋ ಎಂದು ಇಬ್ಬರೂ ಏರುದನಿಯಲ್ಲಿ ವಾದಿಸುತ್ತಿದ್ದರು. ಮಾಸ್ಟರ್ ನಡುವೆ ಬರಲಿಲ್ಲ. ತೋಳಿಗೆ ಎಣ್ಣೆ ಹಚ್ಚಿಕೊಂಡು, ಮಷಿನ್ ಪಕ್ಕದಲ್ಲಿ, ನೆಮ್ಮದಿಯಾಗಿ ಚಹಾ ಕುಡಿಯುತ್ತ ಕುಳಿತಿದ್ದ.